ಸ್ಲೈಡ್‌ಗಳಿಂದ ಅಭ್ಯಾಸದ ಚೀಟಿ: ಮೂರು ವಿಧಾನಗಳ ಹೋಲಿಕೆ

ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಮಳೆನೀರು ಸಂಗ್ರಹದ ಬಗ್ಗೆ ಮಾತನಾಡಲು ಮಾಡಿಕೊಂಡಿದ್ದ ಹನ್ನೆರಡು ಸ್ಲೈಡ್‌ಗಳನ್ನು ಮೂರು ವಿಧಾನಗಳಲ್ಲಿ ಚೀಟಿಗಳಾಗಿ ಇಳಿಸಿ ಅಭ್ಯಾಸ ಮಾಡಿ ನೋಡಿದ್ದೇನೆ. ಒಂದು, ಪವರ್‌ಪಾಯಿಂಟ್‌ನ ನೋಟ್ಸ್ ಪೇಜ್‌ಗಳನ್ನು ಮುದ್ರಿಸಿಕೊಳ್ಳುವುದು. ಎರಡು, ಲ್ಯಾಪ್‌ಟಾಪ್ ಪರದೆಯಲ್ಲೇ ಟಿಪ್ಪಣಿ ತೋರಿಸುವ ಪ್ರೆಸೆಂಟರ್ ವ್ಯೂ. ಮೂರು, ಡ್ರಾಯಿಂಗ್ ಶೀಟನ್ನು ಅಂಗೈಯಗಲಕ್ಕೆ ಕತ್ತರಿಸಿ ಕೈಯಲ್ಲೇ ಬರೆದುಕೊಂಡ ಚೀಟಿ. ನನ್ನ ಒಲವು ಮೂರನೆಯದರ ಕಡೆಗೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಬಣ್ಣದ ಮುದ್ರಣಕ್ಕೆಂದು ಜೆರಾಕ್ಸ್ ಅಂಗಡಿಗೆ ಕೊಟ್ಟ ದುಡ್ಡೇ ನನ್ನನ್ನು ಆ ಕಡೆಗೆ ತಳ್ಳಿತು.

ಒಂದು ಚೀಟಿಯಲ್ಲಿ ಇರಬೇಕಾದವು ಮೂರೇ: ಆ ಸ್ಲೈಡ್ ಬಂದಾಗ ಬಾಯಿಂದ ಹೊರಡಬೇಕಾದ ಮೊದಲ ಐದಾರು ಪದಗಳು, ತಪ್ಪಬಾರದ ಒಂದೆರಡು ಅಂಕಿಗಳು, ಮುಂದಿನ ಸ್ಲೈಡ್‌ಗೆ ದಾಟಿಸುವ ಒಂದು ಪೂರ್ಣ ವಾಕ್ಯ. ಮೂರು ವಿಧಾನಗಳೂ ಮೊದಲೆರಡನ್ನು ಹೇಗೋ ನಿಭಾಯಿಸುತ್ತವೆ, ಎಡವುವುದೆಲ್ಲ ಮೂರನೆಯದರಲ್ಲಿ.

ನೋಟ್ಸ್ ಪೇಜ್ ಮುದ್ರಣದಲ್ಲಿ ಎಫೋರ್ ಹಾಳೆಯ ಮೇಲರ್ಧದಲ್ಲಿ ಸ್ಲೈಡಿನ ಚಿತ್ರ, ಕೆಳಗರ್ಧದಲ್ಲಿ ಟಿಪ್ಪಣಿಯ ಚೌಕಟ್ಟು ಬರುತ್ತದೆ. ಟಿಪ್ಪಣಿ ಬರೆಯುವಾಗ ನಾವು ನೋಡುವುದು ಸ್ಲೈಡಿನ ಕೆಳಗಿರುವ ಸಣ್ಣ ಅಂಕಣವನ್ನು. ಅದು ಎಷ್ಟು ಬರೆದರೂ ಕೆಳಕ್ಕೆ ಜಾರುತ್ತಾ ಹೋಗುವುದರಿಂದ ಹಾಳೆಯಲ್ಲಿ ಜಾಗ ಮುಗಿದದ್ದು ಅಲ್ಲಿ ತಿಳಿಯುವುದೇ ಇಲ್ಲ. ಸ್ಲೈಡ್ ಮುಗಿಯುವಾಗ ಆಡುವ ಮಾತಾದ್ದರಿಂದ ದಾಟುವ ವಾಕ್ಯವನ್ನು ಸಹಜವಾಗಿಯೇ ಟಿಪ್ಪಣಿಯ ಕೊನೆಗೆ ಬರೆಯುತ್ತೇವೆ. ನನ್ನ ಪ್ರತಿಯಲ್ಲಿ ಚೌಕಟ್ಟು ಮೀರಿದ ಸಾಲುಗಳು ಹಾಳೆಯ ಅಂಚಿನಲ್ಲಿ ಕಡಿದುಹೋಗಿದ್ದವು, ಮತ್ತು ಕಡಿದುಹೋದವೆಲ್ಲ ಈ ವಾಕ್ಯಗಳೇ. ಉದ್ದದ ವಿವರಣೆಯೆಲ್ಲ ಭದ್ರವಾಗಿ ಉಳಿದು, ನಿಜಕ್ಕೂ ಬೇಕಾದ ಒಂದು ಸಾಲು ಮಾತ್ರ ಇಲ್ಲವಾದ ಆ ಹಾಳೆಗಳನ್ನು ಹಿಡಿದು ಅಭ್ಯಾಸಕ್ಕೆ ನಿಂತರೆ, ಪ್ರತಿ ಸ್ಲೈಡಿನ ಕೊನೆಯಲ್ಲೂ ಮಾತು ನಿಂತು, ಬಟನ್ ಒತ್ತಿ, ಪರದೆಯಲ್ಲಿ ಏನು ಬಂತೆಂದು ನೋಡಿ, "ಹಾಂ, ಇದು..." ಎಂದು ಮತ್ತೆ ಶುರುವಾಗುತ್ತದೆ. ಕೇಳುವವರಿಗೆ ಭಾಷಣಕಾರನೂ ಸ್ಲೈಡನ್ನು ಈಗಷ್ಟೇ ನೋಡುತ್ತಿದ್ದಾನೆ ಅನ್ನಿಸುವುದು ಈ ಜಾಗದಲ್ಲೇ.

ಮುದ್ರಣಕ್ಕೆ ಕೊಡುವ ಮೊದಲು View ಪಟ್ಟಿಯಲ್ಲಿ Notes Page ತೆರೆದು ಒಂದೊಂದೇ ಪುಟ ನೋಡಿದರೆ ಸಾಲುಗಳು ಹೊರಗೆ ಇಳಿದದ್ದು ಕಾಣುತ್ತದೆ. ಇನ್ನೂ ಒಳ್ಳೆಯದೆಂದರೆ ದಾಟುವ ವಾಕ್ಯವನ್ನು ಟಿಪ್ಪಣಿಯ ಮೊದಲ ಸಾಲಾಗಿಯೇ ಬರೆಯುವುದು. ಆದರೆ ಆಗ ಕಣ್ಣು ಕೊನೆಯಲ್ಲಿ ಮತ್ತೆ ಮೇಲಕ್ಕೆ ಹೋಗಬೇಕು, ಅದು ನನಗೆ ಒಗ್ಗಲಿಲ್ಲ.

ಪ್ರೆಸೆಂಟರ್ ವ್ಯೂನಲ್ಲಿ ಮುಂದಿನ ಸ್ಲೈಡ್ ಪಕ್ಕದಲ್ಲೇ ಚಿಕ್ಕದಾಗಿ ಕಾಣುವುದರಿಂದ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ. ಮನೆಯಲ್ಲಿ ಪ್ರೊಜೆಕ್ಟರ್ ಇಲ್ಲದಿದ್ದರೂ ವಿಂಡೋಸ್‌ನಲ್ಲಿ Alt+F5 ಒತ್ತಿದರೆ ಒಂದೇ ಪರದೆಯಲ್ಲಿ ಅದು ತೆರೆದುಕೊಳ್ಳುತ್ತದೆ. ಅಭ್ಯಾಸಕ್ಕೆ ಇದಕ್ಕಿಂತ ಸುಲಭದ ವ್ಯವಸ್ಥೆ ಇಲ್ಲ. ತೊಡಕು ಇರುವುದು ಸಭಾಂಗಣದಲ್ಲಿ. ಅಲ್ಲಿ ಲ್ಯಾಪ್‌ಟಾಪ್ Duplicate ಕ್ರಮದಲ್ಲಿ ಜೋಡಣೆಯಾದರೆ ಸಭಿಕರು ನೋಡುವುದನ್ನೇ ನಾವೂ ನೋಡುತ್ತೇವೆ, ಟಿಪ್ಪಣಿ ಕಾಣುವುದಿಲ್ಲ. ವಿಂಡೋಸ್ ಕೀಲಿಯೊಂದಿಗೆ P ಒತ್ತಿ Extend ಆರಿಸಬೇಕು. ಸಂಘದ ಕಚೇರಿಯ ಲ್ಯಾಪ್‌ಟಾಪನ್ನೇ ಬಳಸಿ ಎಂದರೆ ಅದೂ ನಮ್ಮ ಕೈಯಲ್ಲಿರುವುದಿಲ್ಲ. ಇನ್ನೊಂದು ಮಾತು: ಹಳೆಯ ನುಡಿ ಕಡತದಿಂದ ಟಿಪ್ಪಣಿಯನ್ನು ಬರಿಯ ಪಠ್ಯವಾಗಿ ತಂದು ಅಂಟಿಸಿದರೆ "ಕನ್ನಡ" ಎಂಬುದು PÀ£ÀßqÀ ಎಂದು ಕಾಣುತ್ತದೆ, ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಇನ್ನು ಕೈಬರಹದ ಚೀಟಿ. ಒಂದು ಸ್ಲೈಡಿಗೆ ಒಂದೇ ಚೀಟಿ, ಒಂದೇ ಮಗ್ಗುಲು. ಮೇಲ್ತುದಿಯಲ್ಲಿ ಮೊದಲ ಪದಗಳು, ನಡುವೆ ದಪ್ಪಕ್ಷರದಲ್ಲಿ ಅಂಕಿ, ಅಡಿಯಲ್ಲಿ ಗೆರೆ ಎಳೆದು ಅದರ ಕೆಳಗೆ ದಾಟುವ ವಾಕ್ಯ. ಜಾಗ ಇಷ್ಟೇ ಇರುವುದರಿಂದ ವಿವರಣೆ ಬರೆಯುವ ಆಸೆಯೇ ಹುಟ್ಟುವುದಿಲ್ಲ, ದಾಟುವ ವಾಕ್ಯ ಯಾವತ್ತೂ ಕಡಿಯುವುದಿಲ್ಲ.

ನನ್ನ ಐದನೆಯ ಸ್ಲೈಡನ್ನೇ ತೆಗೆದುಕೊಳ್ಳೋಣ. ಪರದೆಯ ಮೇಲೆ ಇರುವುದು ಒಂದು ಲೆಕ್ಕ: 100 ಚದರ ಮೀಟರ್ ಚಾವಣಿ, ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್, ಆದ್ದರಿಂದ ಬೀಳುವ ನೀರು 97,000 ಲೀಟರ್, ಅದರಲ್ಲಿ ಶೇ. 80ರಷ್ಟು ಕೈಗೆ ಸಿಕ್ಕರೆ 77,600 ಲೀಟರ್. ಇಷ್ಟನ್ನೂ ಚೀಟಿಗೆ ಇಳಿಸಿದರೆ ಅದು ಸ್ಲೈಡಿನ ನಕಲಾಗುತ್ತದೆಯೇ ಹೊರತು ಚೀಟಿಯಾಗುವುದಿಲ್ಲ. ನನ್ನ ಚೀಟಿಯ ಮೇಲ್ತುದಿಯಲ್ಲಿ "ನಿಮ್ಮ ತಾರಸಿಯ ಮೇಲೆ ಎಷ್ಟು ಬೀಳುತ್ತದೆ?" ಎಂದಿದೆ. ನಡುವೆ ಎರಡೇ ಅಂಕಿಗಳಿವೆ, ಅವೂ ಬಾಯಲ್ಲಿ ಆಡುವ ರೂಪದಲ್ಲಿ: "1 ಮಿ.ಮೀ. ಮಳೆಗೆ ನೂರು ಲೀಟರ್", "ವರ್ಷಕ್ಕೆ ಎಪ್ಪತ್ತೇಳು ಸಾವಿರದ ಮೇಲೆ". ಅಡಿಯಲ್ಲಿ ದಾಟುವ ವಾಕ್ಯ: "ಇಷ್ಟೂ ನೀರನ್ನು ಸಂಪಿಗೆ ಬಿಡುವಂತಿಲ್ಲ, ಮೊದಲ ಮಳೆ ತಾರಸಿಯ ಧೂಳನ್ನೆಲ್ಲ ತೊಳೆದು ತರುತ್ತದೆ, ಅದನ್ನು ಹೊರಗೆ ಕಳಿಸಬೇಕು." ಈ ಮಾತು ಮುಗಿದ ಮೇಲೆಯೇ ಬಟನ್ ಒತ್ತಬೇಕು, ಆಗ ಮೊದಲ ಮಳೆನೀರನ್ನು ಬೇರ್ಪಡಿಸುವ ಕೊಳವೆಯ ಚಿತ್ರ ಮಾತಿಗೆ ಉತ್ತರವಾಗಿ ಬರುತ್ತದೆ.

ದಾಟುವ ವಾಕ್ಯ ಸರಿಯಿದೆಯೇ ಎಂದು ನೋಡಲು ನಾನು ಮುಂದಿನ ಚೀಟಿಯ ಬದಲು ಬೇರೆ ಯಾವುದಾದರೂ ಚೀಟಿಯನ್ನು ಅದರ ಕೆಳಗಿಟ್ಟು ಓದುತ್ತೇನೆ. ಆಗಲೂ ವಾಕ್ಯ ಹೊಂದಿಕೊಂಡರೆ, "ಈಗ ಮುಂದಿನ ವಿಷಯಕ್ಕೆ ಬರೋಣ" ಎಂಬ ಮಾತಿನಂತೆ, ಅದು ಎರಡನ್ನು ಬೆಸೆಯುತ್ತಿಲ್ಲ ಎಂದರ್ಥ. ಬೆಸೆಯುವ ವಾಕ್ಯವನ್ನು ಎಷ್ಟು ಯೋಚಿಸಿದರೂ ಬರೆಯಲಾಗದಿದ್ದರೆ ಹೆಚ್ಚಾಗಿ ದೋಷ ಸ್ಲೈಡುಗಳ ಕ್ರಮದಲ್ಲಿರುತ್ತದೆ. ಚೀಟಿಗಳನ್ನು ಮೇಜಿನ ಮೇಲೆ ಹರಡಿ ಹಿಂದುಮುಂದು ಮಾಡಿ ನೋಡುವುದು ಪರದೆಯ ಮೇಲೆ ಎಳೆದಾಡುವುದಕ್ಕಿಂತ ಎಷ್ಟೋ ಬೇಗ ಆಗುತ್ತದೆ.

ಅಂಕಿಗಳ ಬಗ್ಗೆಯೂ ಒಂದು ಮಾತು ಇದೆ. ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ 2009ರ ಬೆಂಗಳೂರು ಜಲಮಂಡಳಿ ಕಾಯ್ದೆ ತಿದ್ದುಪಡಿಯ ಸ್ಲೈಡಿನಲ್ಲಿ ಹೊಸ ಕಟ್ಟಡಗಳಿಗೆ 1,200 ಚದರ ಅಡಿ, ಹಳೆಯವಕ್ಕೆ 2,400 ಚದರ ಅಡಿ ಎಂಬ ಮಿತಿಗಳಿವೆ. ಜೋರಾಗಿ ಓದಿ ಅಭ್ಯಾಸ ಮಾಡುವಾಗ ಇವೆರಡೂ ನಾಲಿಗೆಯಲ್ಲಿ ಅದಲುಬದಲಾಗುತ್ತಿದ್ದವು. ಚೀಟಿಯಲ್ಲಿ "ಹೊಸದು: ಮೂವತ್ತು–ನಲವತ್ತರ ಸೈಟು, ಹಳೆಯದು: ಅರವತ್ತು–ನಲವತ್ತು" ಎಂದು ಬರೆದ ಮೇಲೆ ತಪ್ಪು ನಿಂತಿತು, ಏಕೆಂದರೆ ನಮ್ಮ ಬಡಾವಣೆಯಲ್ಲಿ ಎಲ್ಲರೂ ನಿವೇಶನವನ್ನು ಅಳೆಯುವುದು ಹಾಗೆಯೇ.

ಕೈಬರಹದ ಚೀಟಿಗೂ ಕೊರತೆ ಇದೆ. ನಡುವೆ ಒಂದು ಸ್ಲೈಡ್ ಸೇರಿಸಿದರೆ ಮುಂದಿನ ಎಲ್ಲ ಸಂಖ್ಯೆಗಳೂ ತಪ್ಪುತ್ತವೆ. ಹಾಗಾಗಿ ಮೂಲೆಯಲ್ಲಿ ಸ್ಲೈಡಿನ ಹೆಸರನ್ನು ಪೆನ್ನಿನಲ್ಲಿಯೂ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿಯೂ ಬರೆಯುತ್ತೇನೆ. ಹೊಸ ಸ್ಲೈಡಿನ ಹಿಂದಿನ ಚೀಟಿಯ ದಾಟುವ ವಾಕ್ಯವನ್ನಂತೂ ಮತ್ತೆ ಬರೆಯಲೇಬೇಕು.

ವರ್ಷಕ್ಕೆ ಒಂದೆರಡು ಸಲ, ಹನ್ನೆರಡು ಹದಿನೈದು ಸ್ಲೈಡುಗಳೊಂದಿಗೆ, ಪ್ರೊಜೆಕ್ಟರ್ ಹೇಗಿದೆಯೋ ತಿಳಿಯದ ಜಾಗದಲ್ಲಿ ಮಾತನಾಡುವ ನನಗೆ ಒಂದು ಡ್ರಾಯಿಂಗ್ ಶೀಟಿನ ಖರ್ಚಿನಲ್ಲಿ ಮುಗಿಯುವ ಈ ವಿಧಾನವೇ ಸಾಕು. ಪ್ರತಿ ವಾರ ಅಂಕಿಗಳು ಬದಲಾಗುವ ನಲವತ್ತು ಸ್ಲೈಡುಗಳ ವರದಿ ಒಪ್ಪಿಸುವವರು ಮಾತ್ರ ಪ್ರೆಸೆಂಟರ್ ವ್ಯೂ ಹಿಡಿಯಬಹುದು, ಟಿಪ್ಪಣಿಯನ್ನು ಸ್ಕ್ರಾಲ್ ಮಾಡದೆ ಕಾಣುವಷ್ಟಕ್ಕೇ ನಿಲ್ಲಿಸುವುದಾದರೆ.