ಟ್ರೇ ಲೆಕ್ಕದ ಮೊಟ್ಟೆ: ಬೇಸಿಗೆಗೆ ಸೈ, ಮಳೆಗಾಲಕ್ಕೆ ಬೇಡ

ಬದಿಯಡ್ಕ ಪೇಟೆಯ ಒಂದು ಅಂಗಡಿಯಿಂದ ಕೆಲವು ವರ್ಷಗಳಿಂದ 30ರ ಟ್ರೇ ತರಿಸುತ್ತಿದ್ದೇವೆ. ನಾಮಕ್ಕಲ್ ಕಡೆಯ ಬಿಳಿ ಮೊಟ್ಟೆ. ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ, ದೊಡ್ಡ ಮನೆಗೆ ಅನುಕೂಲ.

ನಮ್ಮಲ್ಲಿ ಮೊಟ್ಟೆಯನ್ನು ನೇರ ಬಾಣಲೆಗೆ ಒಡೆಯುವ ರೂಢಿ ಇಲ್ಲ. ಒಂದೊಂದನ್ನೇ ಬಿಳಿ ಪಿಂಗಾಣಿ ಬಟ್ಟಲಿಗೆ ಒಡೆದು, ನೋಡಿ, ಮೂಸಿ, ಆಮೇಲೆ ದೊಡ್ಡ ಪಾತ್ರೆಗೆ ಸುರಿಯುತ್ತೇನೆ. ಬಿಳಿ ಬಟ್ಟಲಾದರೆ ಲೋಳೆಯ ಬಣ್ಣ ಸರಿಯಾಗಿ ಕಾಣುತ್ತದೆ. ತಾಜಾ ಮೊಟ್ಟೆಯ ಹಳದಿ ಗುಂಡಗೆ ಎದ್ದು ನಿಲ್ಲುತ್ತದೆ, ಸುತ್ತ ದಪ್ಪ ಲೋಳೆ ಒಟ್ಟಾಗಿರುತ್ತದೆ. ಆ ಲೋಳೆ ಸ್ವಲ್ಪ ಮಸುಕಾಗಿದ್ದರೆ ಹೆದರಬೇಡಿ, ಒಳಗಿನ ಇಂಗಾಲದ ಡೈಆಕ್ಸೈಡ್ ಇನ್ನೂ ಹೊರಗೆ ಹೋಗಿಲ್ಲವೆಂದಷ್ಟೇ ಅರ್ಥ. ಟ್ರೇಯ ಕೊನೆಯ ಮೊಟ್ಟೆಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಕುಳುಕುಳು ಎನ್ನುತ್ತವೆ. ಒಡೆದರೆ ಲೋಳೆ ನೀರಿನಂತೆ ಹರಡುತ್ತದೆ, ಹಳದಿ ಚಪ್ಪಟೆಯಾಗುತ್ತದೆ. ಅದು ಹಳತಾದ ಗುರುತು, ಹಾಳಾದ ಗುರುತಲ್ಲ. ವಾಸನೆ ಇಲ್ಲದಿದ್ದರೆ ಚೆನ್ನಾಗಿ ಬೇಯಿಸಿ ತಿನ್ನಬಹುದು. ಅಂಥವನ್ನು ನಾನು ಪಲ್ಯಕ್ಕೆ ಇಡಿಯಾಗಿ ಬೇಯಿಸುತ್ತೇನೆ, ಸಿಪ್ಪೆಯೂ ಸಲೀಸಾಗಿ ಬರುತ್ತದೆ.

ಬೇಸಿಗೆಯಲ್ಲೇ ನಿಲ್ಲಿಸಿದ್ದರೆ ಐದು ನಕ್ಷತ್ರ ಕೊಡುತ್ತಿದ್ದೆ. ಜುಲೈಯಲ್ಲಿ ಬಂದ ಟ್ರೇ ಮಳೆಗೆ ನೆನೆದು ಮೆತ್ತಗಾಗಿತ್ತು. ಆಮ್ಲೆಟಿಗೆಂದು ಎರಡು ಒಡೆದೆ, ಎರಡೂ ಚೆನ್ನಾಗಿದ್ದವು. ಮೂರನೆಯದಕ್ಕೆ ಕೂದಲೆಳೆಯಷ್ಟು ಬಿರುಕಿತ್ತು, ತಟ್ಟಿದಾಗ ಟಕ್ಕೆನ್ನದೆ ಬೊದ್ದೆಂದಿತು. ಬಟ್ಟಲಿಗೆ ಬಿದ್ದ ಲೋಳೆ ನೀರುನೀರಾಗಿ ತಿಳಿಹಸಿರು ಬಣ್ಣಕ್ಕಿತ್ತು. ಮೂಗಿಗೆ ಹೊಡೆಯುವ ಗಬ್ಬು ನಾತವೇನೂ ಇರಲಿಲ್ಲ. ಇದನ್ನೇ ಎಲ್ಲರೂ ಗಮನಿಸಬೇಕು: ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಹೊಕ್ಕ ಮೊಟ್ಟೆ ಮೊದಲು ಬಣ್ಣದಲ್ಲಿ ತೋರುತ್ತದೆ, ಲೋಳೆ ಹಸಿರಾಗಿಯೋ ಗುಲಾಬಿಯಾಗಿಯೋ ಹೊಳೆಯುತ್ತದೆ. ಗಂಧಕದ ನಾತ ಬರುವ ಕಪ್ಪು ಕೊಳೆತದ ಮೊಟ್ಟೆಯಾದರೆ ಒಳಗಿನ ಅನಿಲದ ಒತ್ತಡಕ್ಕೆ ಒಡೆಯುವಾಗಲೇ ಪಟ್ಟೆಂದು ಸಿಡಿಯುವುದೂ ಇದೆ. ಹಳದಿಯ ಮೇಲಿನ ಒಂದು ಚುಕ್ಕೆ ರಕ್ತ ಮಾತ್ರ ಕೆಟ್ಟ ಲಕ್ಷಣವಲ್ಲ.

ರುಚಿ ನೋಡಲಿಲ್ಲ, ಬೇಯಿಸಿದರೆ ಸರಿಹೋದೀತೆಂದೂ ಯೋಚಿಸಲಿಲ್ಲ. ಚಿಪ್ಪಿನ ಸಮೇತ ತೆಂಗಿನ ಬುಡದಲ್ಲಿ ಆಳಕ್ಕೆ ಹೂತು, ಬಟ್ಟಲು, ಚಮಚ, ಕೈ ಎಲ್ಲವನ್ನೂ ಸಾಬೂನು ಹಾಕಿ ಬಿಸಿನೀರಲ್ಲಿ ತೊಳೆದೆ. ಬೇರೆ ಬಟ್ಟಲಲ್ಲಿದ್ದ ಎರಡು ಉಳಿದವು. ಒಟ್ಟಿಗೆ ಒಡೆದಿದ್ದರೆ ಮೂರನ್ನೂ ಚೆಲ್ಲಬೇಕಿತ್ತು.

ಒದ್ದೆ ಟ್ರೇಯೇ ಇದಕ್ಕೆ ದಾರಿ. ಚಿಪ್ಪಿನಲ್ಲಿ ಸಣ್ಣ ರಂಧ್ರಗಳಿವೆ, ನೀರು ನಿಂತರೆ ಬ್ಯಾಕ್ಟೀರಿಯಾವೂ ಅದರೊಡನೆ ಒಳಗೆ ಇಳಿಯುತ್ತದೆ. ಅಂಗಡಿಯವರಿಗೆ ಹೇಳಿದೆ. "ಅಕ್ಕಾ, ಬಿರುಕಿದ್ದದ್ದನ್ನು ಇಲ್ಲಿಯೇ ಬದಲಿಸಿ ಕೊಡ್ತೇನೆ" ಎಂದರು, ಈಗ ಹಾಗೆಯೇ ಮಾಡುತ್ತಾರೆ. ಆದರೆ ಟ್ರೇಗಳು ಇನ್ನೂ ಜಗಲಿಯ ಸೂರಿನಡಿಯಲ್ಲೇ ಇರುತ್ತವೆ, ಎರಡು ನಕ್ಷತ್ರ ಕಡಿಮೆ ಮಾಡಿದ್ದು ಅದಕ್ಕೇ. ವಾಸನೆ, ಬಣ್ಣ ಸರಿಯಿದ್ದರೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಅದು ಮೂಗಿಗೂ ಕಣ್ಣಿಗೂ ಸಿಗದು. ಹಾಗಾಗಿ ಹಳದಿ ಗಟ್ಟಿಯಾಗುವ ತನಕ ಬೇಯಿಸುತ್ತೇನೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾನು ತರುವುದು ಆರೇ ಮೊಟ್ಟೆ, ಒಣಗಿದ್ದನ್ನು ಕೈಯಾರೆ ಆರಿಸಿ.