ಒಂದೇ ನೀಲಿಗೆ ಮೂರು ಲೆಕ್ಕ: ಆರ್‌ಜಿಬಿ, ಸಿಎಂವೈಕೆ, ಲ್ಯಾಬ್

ಬಣ್ಣದ ಪದ್ಧತಿಗಳನ್ನು ಪರೀಕ್ಷಿಸಲು ನಾನು ಪ್ರತಿಸಲ ಹಿಡಿಯುವುದು ಪರದೆಯ ಅಪ್ಪಟ ನೀಲಿಯನ್ನು, ಅಂದರೆ `#0000FF`. ಮೂರರ ದೌರ್ಬಲ್ಯವೂ ಇದರಲ್ಲಿ ಬೇಗ ಬಯಲಾಗುತ್ತದೆ.

ಆರ್‌ಜಿಬಿಯಲ್ಲಿ ಇದು ಕೆಂಪು 0, ಹಸಿರು 0, ನೀಲಿ 255. ಯಾವ ದೀಪ ಎಷ್ಟು ಉರಿಯಬೇಕು ಎಂದು ಪರದೆಗೆ ಹೇಳುವ ಅಂಕಿ ಅಷ್ಟೆ. ವೆಬ್, ಆಪ್, ವಿಡಿಯೊಗೆ ಕೊನೆಗೆ ಬೇಕಾದ್ದು ಇದೇ. ಆದರೆ ಕಣ್ಣಿಗೆ ಎಷ್ಟು ತಿಳಿಯಾಗಿ ಕಾಣುತ್ತದೆ ಅಂತ ಇದರಿಂದ ಗೊತ್ತಾಗುವುದಿಲ್ಲ. ಆರ್‌ಜಿಬಿಯಿಂದಲೇ ಹುಟ್ಟಿದ ಎಚ್‌ಎಸ್‌ಎಲ್ ಈ ನೀಲಿಗೂ ಅಪ್ಪಟ ಹಳದಿಗೂ ಒಂದೇ ತಿಳಿತನ ಕೊಡುತ್ತದೆ, ಶೇ 50. ಎರಡರ ಮೇಲೂ ಬಿಳಿ ಅಕ್ಷರ ಬರೆದು ನೋಡಿ. ನೀಲಿಯ ಮೇಲಿನದನ್ನು ಸಲೀಸಾಗಿ ಓದಬಹುದು, ಹಳದಿಯ ಮೇಲಿನದು ಕಾಣುವುದೇ ಇಲ್ಲ.

ಮುದ್ರಣದ ಪದ್ಧತಿಯಾದ ಸಿಎಂವೈಕೆಯಲ್ಲಿ ಕಥೆ ತಿರುಗುಮುರುಗು. ಅಲ್ಲಿ ಬಿಳಿ ಕಾಗದದಿಂದ ಶಾಯಿ ಬೆಳಕನ್ನು ಕಳೆಯುತ್ತಾ ಹೋಗುತ್ತದೆ. ಸಯಾನ್ ಕೆಂಪನ್ನು ನುಂಗಬೇಕು, ಮಜೆಂಟಾ ಹಸಿರನ್ನು ನುಂಗಬೇಕು, ಉಳಿಯುವುದು ನೀಲಿ. ಹಾಗಾಗಿ ಎರಡನ್ನೂ 100 ಹಾಕಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ನಿಜವಾದ ಮಜೆಂಟಾ ಶಾಯಿ ನೀಲಿ ಬೆಳಕನ್ನೂ ಒಂದಷ್ಟು ನುಂಗುತ್ತದೆ, ಸಯಾನ್ ಕೂಡ ಪೂರ್ತಿ ಶುದ್ಧವಲ್ಲ. ಕಾಗದದ ಮೇಲೆ ಸಿಗುವುದು ನೇರಳೆಗೆ ವಾಲಿದ ಮಂಕು ಬಣ್ಣ. ಮಜೆಂಟಾವನ್ನು 70ರ ಹತ್ತಿರಕ್ಕೆ ಇಳಿಸಿದಾಗ ನೀಲಿ ಮರಳಿತು, ಪರದೆಯ ಆ ಹೊಳಪು ಮಾತ್ರ ಮರಳಲಿಲ್ಲ. ಅದೇ ಅಂಕಿಗಳು ನುಣುಪು ಕಾಗದದಲ್ಲಿ ಒಂದು ಥರ, ನ್ಯೂಸ್‌ಪ್ರಿಂಟ್‌ನಲ್ಲಿ ಇನ್ನೊಂದು ಥರ ಬರುತ್ತವೆ. ಆದ್ದರಿಂದ ಪ್ರೆಸ್‌ನ ಪ್ರೊಫೈಲ್ ಕೈಗೆ ಬರುವ ತನಕ ನಾನು ಸಿಎಂವೈಕೆಗೆ ಬದಲಿಸುವುದೇ ಇಲ್ಲ. ಸಣ್ಣ ಕಪ್ಪು ಅಕ್ಷರ ಮಾತ್ರ ಬೇರೆ ವಿಷಯ. ಅದನ್ನು ಕಪ್ಪು ಶಾಯಿ ಒಂದರಲ್ಲೇ ಇಡಬೇಕು. ನಾಲ್ಕು ಶಾಯಿಗೆ ಹಂಚಿದರೆ ಪ್ಲೇಟು ಚೂರು ಸರಿದರೂ ಅಂಚಿನಲ್ಲಿ ಬಣ್ಣದ ಗೆರೆ ಮೂಡುತ್ತದೆ.

ಎರಡು ನೀಲಿಗಳ ನಡುವಿನ ಅಂತರ ಎಷ್ಟು ಅಂತ ಹೇಳುವುದು ಮೂರನೆಯ ಪದ್ಧತಿ, 1976ರ ಲ್ಯಾಬ್. ಇದಕ್ಕೆ ದೀಪವೂ ಬೇಡ, ಶಾಯಿಯೂ ಬೇಡ. ಕಣ್ಣಿಗೆ ಕಾಣುವುದನ್ನೇ ಅಳೆಯುತ್ತದೆ. ಇದರಲ್ಲಿ `b` ಅಂಕಿ ಸೊನ್ನೆಗಿಂತ ಕೆಳಗಿಳಿದಷ್ಟೂ ನೀಲಿ ಜಾಸ್ತಿ. ಪರದೆಯ ನೀಲಿ ಸುಮಾರು −112. ನುಣುಪು ಕಾಗದದ ಆಫ್‌ಸೆಟ್ ಮಾನದಂಡದಲ್ಲಿ ಸಯಾನ್, ಮಜೆಂಟಾ ಸೇರಿ ಕೊಡುವುದು ಸುಮಾರು −46. ಹಳದಿಯ ತಿಳಿತನ 97ರ ಮೇಲೆ, ನೀಲಿಯದು 30ರ ಆಸುಪಾಸು. ಕಣ್ಣು ಹೇಳುವುದೂ ಇದನ್ನೇ.

ಆದರೂ ನೀಲಿಯ ವಿಷಯದಲ್ಲಿ ಲ್ಯಾಬ್ ಎಡವುತ್ತದೆ. ನೀಲಿಯಿಂದ ಬಿಳಿಗೆ ಗ್ರೇಡಿಯಂಟ್ ಎಳೆದರೆ ನಡುವೆ ನೇರಳೆ ನುಸುಳುತ್ತದೆ. 2020ರಲ್ಲಿ ಬ್ಯೋರ್ನ್ ಒಟ್ಟೊಸನ್ ರೂಪಿಸಿದ ಓಕೆಲ್ಯಾಬ್‌ನಲ್ಲಿ ಅದೇ ಪಟ್ಟಿ ಕೊನೆವರೆಗೂ ನೀಲಿಯಾಗಿಯೇ ಉಳಿಯುತ್ತದೆ:

```css
background: linear-gradient(in oklab, #0000ff, white);
```

ಗ್ರೇಡಿಯಂಟ್‌ಗೂ, ಒಂದೇ ತಿಳಿತನದ ಬಣ್ಣಗಳ ಸಾಲು ಕಟ್ಟಲಿಕ್ಕೂ ಈಗ ನನ್ನ ಮೊದಲ ಆಯ್ಕೆ ಇದೇ. ಒಂದು ಎಚ್ಚರಿಕೆ ಮಾತ್ರ: ಯಾವ ಪರದೆಯೂ ತೋರಿಸಲಾಗದ ಬಣ್ಣವನ್ನೂ ಇದರಲ್ಲಿ ಸುಮ್ನೆ ಬರೆದುಬಿಡಬಹುದು. ಆಗ ಬ್ರೌಸರ್ ತನಗೆ ಸಾಧ್ಯವಾದ ಬೇರೊಂದು ಬಣ್ಣ ತೋರಿಸುತ್ತದೆ, ಬದಲಾಯಿಸಿದ್ದೇನೆ ಅಂತ ಹೇಳುವುದಿಲ್ಲ.