ಬಲಗಾಲಿಗೆ ಡ್ರಿಲ್ಲಿಂಗ್, ಎಡಗಾಲಿಗೆ ಸ್ಕ್ರೂ: ಒಬ್ಬನೇ ಹುಡುಗನ ಎರಡು ಮೊಣಕಾಲುಗಳ ಹೋಲಿಕೆ

ವಾಲಿಬಾಲ್ ಆಡುವ ನನ್ನ 13 ವರ್ಷದ ಮಗನ ಎರಡೂ ಮೊಣಕಾಲುಗಳಲ್ಲಿ ಆಸ್ಟಿಯೋಕಾಂಡ್ರೈಟಿಸ್ ಡಿಸೆಕನ್ಸ್ ಇದ್ದುದರಿಂದ, ಈ ಕಾಯಿಲೆಗೆ ಮಾಡುವ ಎರಡು ಶಸ್ತ್ರಚಿಕಿತ್ಸೆಗಳನ್ನು, ಎಂದರೆ ಮೂಳೆಗೆ ರಂಧ್ರ ಕೊರೆಯುವ ಡ್ರಿಲ್ಲಿಂಗನ್ನೂ ಸಡಿಲಾದ ಚೂರನ್ನು ಸ್ಕ್ರೂವಿನಿಂದ ಬಿಗಿಯುವುದನ್ನೂ, ಅಕ್ಕಪಕ್ಕದಲ್ಲಿಟ್ಟು ನೋಡುವಂತಾಯಿತು. ಹಾಸನದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನಗೆ ಎರಡೂ ಕಾಲುಗಳ ವ್ಯಾಯಾಮ ಮಾಡಿಸುವ ಕೆಲಸವೂ ಬಿತ್ತು. ಆಯ್ಕೆಗೆ ಎಡೆಯಿದ್ದಲ್ಲಿ ನಾನು ಡ್ರಿಲ್ಲಿಂಗ್ ಪರವೇ.

ಈ ಕಾಯಿಲೆಯಲ್ಲಿ ಮೊದಲು ಕೆಡುವುದು ಮೃದ್ವಸ್ಥಿಯಲ್ಲ, ಅದರ ಕೆಳಗಿನ ಮೂಳೆ. ನೆಲಗಲ್ಲು ಬಿರುಕು ಬಿಡುವ ಮೊದಲೇ ಅಡಿಯ ಗಾರೆ ಸಡಿಲಾದಂತೆ, ತೊಡೆಮೂಳೆಯ ತುದಿಯ ಒಂದು ಚೂರು ತನ್ನ ತಳದಿಂದ ಬೇರ್ಪಡತೊಡಗುತ್ತದೆ. ಹೆಚ್ಚಾಗಿ ಕಾಣಿಸುವ ಜಾಗ ಆ ತುದಿಯ ಒಳಮಗ್ಗುಲಿನ ದುಂಡನೆಯ ಉಬ್ಬಿನ ಹೊರ ಅಂಚು. ಅದು ಹಿಂಬದಿಗೆ ಸರಿದಿರುವುದರಿಂದ, ಕಾಲು ನೀಡಿಸಿ ತೆಗೆದ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳಬಹುದು. ಮೊಣಕಾಲು ಮಡಿಸಿ ತೆಗೆಯುವ ನಾಚ್ ವ್ಯೂ ಕೇಳಿ ಪಡೆಯಬೇಕು.

ನಮ್ಮನ್ನು ಹೆಚ್ಚು ಗೊಂದಲಕ್ಕೆ ಕೆಡವಿದ್ದು ಎಂಆರ್‌ಐ ವರದಿ. ಎರಡೂ ಕಾಲುಗಳಲ್ಲಿ ಚೂರಿಗೂ ತಳದ ಮೂಳೆಗೂ ನಡುವೆ, ದ್ರವ ಬೆಳ್ಳಗೆ ಕಾಣುವ ಟಿ2 ಚಿತ್ರದಲ್ಲಿ ಬಿಳಿ ಗೆರೆ ಇದೆ, ಆದ್ದರಿಂದ ಎರಡೂ ಅಸ್ಥಿರ, ಎಂದರೆ ಚೂರು ಸಡಿಲವಾಗಿದೆ ಎಂದು ಅದು ಹೇಳಿತ್ತು. ಬೆಳೆದವರಲ್ಲಿ ಆ ಗೆರೆ ಅಸ್ಥಿರತೆಯ ಬಲವಾದ ಲಕ್ಷಣ; ಆದರೆ ಮೂಳೆಯ ಬೆಳವಣಿಗೆಯ ಪಟ್ಟಿ ಇನ್ನೂ ತೆರೆದಿರುವ ಮಕ್ಕಳಲ್ಲಿ, ಗಟ್ಟಿಯಾಗಿ ಕೂತಿರುವ ಚೂರಿನ ಸುತ್ತಲೂ ಅಂಥ ಗೆರೆ ಕಾಣಬಹುದು. ಮಕ್ಕಳಲ್ಲಿ ಆ ಗೆರೆ ಕೀಲಿನ ದ್ರವದಷ್ಟೇ ಬೆಳ್ಳಗಿರಬೇಕು, ಅದರ ಹೊರಗೆ ಇನ್ನೊಂದು ಕಪ್ಪು ಅಂಚು ಇರಬೇಕು, ಅಥವಾ ಮೃದ್ವಸ್ಥಿಯ ಕೆಳಗಿನ ಮೂಳೆಯ ಪದರ ಒಂದಕ್ಕಿಂತ ಹೆಚ್ಚು ಕಡೆ ಮುರಿದಿರಬೇಕು. ಆಗ ಮಾತ್ರ ಅನುಮಾನ ಬಲವಾಗುತ್ತದೆ. ಮಗನ ಬಲಗಾಲಿನ ಗೆರೆ ಬೂದುಬಣ್ಣಕ್ಕಿಂತ ತುಸು ಬೆಳ್ಳಗಿತ್ತು, ಅಷ್ಟೇ. ಎಡಗಾಲಿನಲ್ಲಿ ಅದು ದ್ರವದಂತೆಯೇ ಹೊಳೆಯುತ್ತಿತ್ತು. ಆ ಕಾಲು ನಡುನಡುವೆ ಸಿಕ್ಕಿಕೊಂಡಂತೆಯೂ ಆಗುತ್ತಿತ್ತು. ವರದಿಯ ಕೊನೆಯ ಸಾಲನ್ನಷ್ಟೇ ಓದಿದ್ದರೆ ಎರಡು ಕಾಲಿಗೂ ಸ್ಕ್ರೂ ಬೀಳುತ್ತಿತ್ತು.

ಕೊನೆಯ ತೀರ್ಮಾನ ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಆರ್ತ್ರೋಸ್ಕೋಪಿಯಲ್ಲಿ, ಕೊಕ್ಕೆಯ ತುದಿಯಿಂದ ಒತ್ತಿ ನೋಡಿದಾಗ ಆಯಿತು. ಮೃದ್ವಸ್ಥಿ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಐಸಿಆರ್‌ಎಸ್‌ನ ಹಂತಗಳ ಪ್ರಕಾರ ಮೃದ್ವಸ್ಥಿ ಅಖಂಡವಾಗಿದ್ದು ಮೆತ್ತಗಾಗಿದ್ದರೆ 1ನೇ ಹಂತ, ಅಂಚು ಭಾಗಶಃ ಸೀಳಿದ್ದರೂ ಚೂರು ಅಲುಗದಿದ್ದರೆ 2, ಸುತ್ತಲೂ ಬಿಟ್ಟುಕೊಂಡಿದ್ದರೂ ಜಾಗ ಬಿಡದಿದ್ದರೆ 3, ಹೊರಬಿದ್ದಿದ್ದರೆ 4. ಬಲಗಾಲು 1, ಎಡಗಾಲು 3.

ಬಲಗಾಲನ್ನು ಮೊದಲು ಆಟ ಬಿಡಿಸಿ ತಿಂಗಳುಗಟ್ಟಲೆ ಕಾಯಲಾಗಿತ್ತು. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣದ ಮೇಲೆಯೇ ಡ್ರಿಲ್ಲಿಂಗ್ ಮಾಡಿದರು. ಒಂದೂವರೆ ಮಿಲಿಮೀಟರ್ ಆಸುಪಾಸಿನ ತಂತಿಯಿಂದ ಸತ್ತ ಭಾಗವನ್ನು ದಾಟಿ ಆರೋಗ್ಯವಂತ ಮೂಳೆಯವರೆಗೆ ಅಲ್ಲಲ್ಲಿ ರಂಧ್ರ ಕೊರೆದರೆ, ಆ ದಾರಿಯಲ್ಲಿ ರಕ್ತವೂ ಹೊಸ ಮೂಳೆ ಕಟ್ಟುವ ಕೋಶಗಳೂ ಬರುತ್ತವೆ. ಒಳಗೆ ಏನೂ ಉಳಿಯುವುದಿಲ್ಲ, ಇಂಪ್ಲಾಂಟಿನ ಬಿಲ್ಲೂ ಇಲ್ಲ. ಕೆಲವು ವಾರ ಊರುಗೋಲು, ಮುಂದೆ ಎಕ್ಸ್‌ರೇಗಾಗಿ ಕಾಯುವುದು. ಹೇಳಲು ಇದಕ್ಕಿಂತ ಹೆಚ್ಚೇನೂ ಇಲ್ಲದಿರುವುದೇ ಅದರ ಗುಣ.

ಎಡಗಾಲಿನ ಕಥೆ ಉದ್ದ. ಚೂರನ್ನು ಎತ್ತಿ, ಅಡಿಯಲ್ಲಿ ಬೆಳೆದ ನಾರಿನಂಥ ಅಂಗಾಂಶವನ್ನು ಕೆರೆದು, ತಳವನ್ನೂ ಕೊರೆದು, ಮತ್ತೆ ಕೂರಿಸಿ, ತಲೆಯಿಲ್ಲದ ಎರಡು ಸ್ಕ್ರೂಗಳಿಂದ ಬಿಗಿದರು. ಸ್ಕ್ರೂವಿನ ಮೇಲ್ತುದಿ ಮೃದ್ವಸ್ಥಿಯ ಮಟ್ಟಕ್ಕಿಂತ ಕೆಳಗೆ ಹೂತಿರಬೇಕು, ಹಾಗೆಯೇ ಹೂತಿದ್ದರು. ಆದರೆ ಚೂರು ಕೂಡುತ್ತ ತುಸು ಕುಸಿದರೆ, ಅಥವಾ ಸ್ಕ್ರೂ ಹಿಂದಕ್ಕೆ ಸರಿದರೆ, ಲೋಹದ ತುದಿ ಮೇಲೆದ್ದು ಅದೇ ಮೊಣಕಾಲಿನಲ್ಲಿ ಎದುರಿಗಿರುವ ಕೆಳಗಾಲಿನ ಮೂಳೆಯ ನುಣುಪಾದ ಮೃದ್ವಸ್ಥಿಯನ್ನು ಗೀರುತ್ತದೆ. ಚೆನ್ನಾಗಿ ಬಾಗುತ್ತಿದ್ದ ಕಾಲು ಒಂದು ನಿರ್ದಿಷ್ಟ ಕೋನದಲ್ಲಿ ಕರಕರ ಎನ್ನತೊಡಗಿ, ಸಂಜೆ ಹೊತ್ತಿಗೆ ನೀರು ತುಂಬಿಕೊಂಡಿದ್ದರಿಂದ ನಮಗೆ ಇದು ಗೊತ್ತಾಯಿತು. ಸುತ್ತಲಿನ ಚಿತ್ರವನ್ನು ಲೋಹ ಕೆಡಿಸುವುದರಿಂದ ಎಂಆರ್‌ಐ ಹೆಚ್ಚು ನೆರವಾಗಲಿಲ್ಲ. ನಾಚ್ ವ್ಯೂ ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಮೇಲೆದ್ದಿರುವುದು ಕಂಡಿತು. ಮೂಳೆ ಅಷ್ಟರಲ್ಲಿ ಕೂಡಿದ್ದರಿಂದ ಎರಡನ್ನೂ ತೆಗೆಸಿದೆವು. ಎಂದರೆ ಮತ್ತೆ ಅರಿವಳಿಕೆ, ಮತ್ತೆ ಖರ್ಚು, ಹುಡುಗನನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಮತ್ತೊಂದು ಪ್ರಯಾಣ.

ದೇಹದಲ್ಲೇ ಕರಗುವ ಪಿನ್ನು ಹಾಕಿಸಿದ್ದರೆ ಇದು ತಪ್ಪುತ್ತಿತ್ತಲ್ಲವೇ ಎಂದು ಮನೆಯಲ್ಲಿ ಕೇಳಿದರು. ತೆಗೆಸುವ ಖರ್ಚು ಸಾಮಾನ್ಯವಾಗಿ ತಪ್ಪುತ್ತದೆ, ನಿಜ. ಆದರೆ ಅದೂ ಮುರಿಯಬಹುದು, ಸರಿಯಬಹುದು, ಕೀಲಿನ ಒಳಪದರಕ್ಕೆ ಉರಿಯೂತ ತರಬಹುದು. ಎಕ್ಸ್‌ರೇಯಲ್ಲಿ ಕಾಣದ್ದರಿಂದ ಸರಿದದ್ದು ಬೇಗ ತಿಳಿಯುವುದೂ ಇಲ್ಲ.

ಹೀಗೆಂದು ಎಡಗಾಲಿಗೂ ಡ್ರಿಲ್ಲಿಂಗ್ ಸಾಕಿತ್ತು ಎನ್ನಲಾರೆ. ಅಲುಗುವ ಚೂರಿಗೆ ರಂಧ್ರ ಕೊರೆದು ಬಿಟ್ಟರೆ ಅದು ಕೂಡುವ ಭರವಸೆಯಿಲ್ಲ, ಕಳಚಿಬಿದ್ದರೆ ತೂಕ ಹೊರುವ ಜಾಗದಲ್ಲಿ ಗುಂಡಿಯೇ ಉಳಿಯುತ್ತದೆ. ಬೆಳವಣಿಗೆಯ ಪಟ್ಟಿ ತೆರೆದಿರುವ ಮಗುವಿನಲ್ಲಿ ಚೂರು ಗಟ್ಟಿಯಿದ್ದು, ವಿಶ್ರಾಂತಿಯಿಂದ ಕೂಡದಿದ್ದರೆ, ನನ್ನ ಜೇಬಿಗೂ ಆಸ್ಪತ್ರೆಯಿಂದ ದೂರವಿರುವ ನಮ್ಮಂಥವರಿಗೂ ಡ್ರಿಲ್ಲಿಂಗೇ ಒಗ್ಗುತ್ತದೆ. ಸ್ಕ್ರೂ ಅನಿವಾರ್ಯವಾದರೆ, ಅದನ್ನು ತೆಗೆಯುವುದು ಯಾವಾಗ, ಆ ಖರ್ಚು ಈಗಿನ ಅಂದಾಜಿನಲ್ಲಿ ಸೇರಿದೆಯೇ ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಕೇಳಿಟ್ಟುಕೊಳ್ಳಿ.